ರೇಟ್ ಒಪ್ಪಿದ್ದೇವೆ, ಸಹಿ ಬಂದ ಮೇಲೆ ಪರ್ಚೇಸ್ ಆರ್ಡರ್

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಖರೀದಿ ನೋಡಿಕೊಳ್ಳುವವಳು ನಾನು. ಕಳೆದ ಸಲ ಫೈವ್ ಪ್ಲೈ, ಅಂದರೆ ಐದು ಪದರದ ರಟ್ಟಿನ ಬಾಕ್ಸುಗಳು ಬೇಕಿದ್ದವು, ತಿಂಗಳಿಗೆ 2,000ದಂತೆ ಒಟ್ಟು 10,000. ಒಬ್ಬರ ಕೊಟೇಶನ್ 38 ರೂಪಾಯಿ, ಆದರೆ ಅದು ಅವರ ಗೇಟಿನ ಬೆಲೆ. ಬಾಕ್ಸಿಗೆ ಎರಡೂವರೆ ರೂಪಾಯಿ ಸಾಗಣೆ, ಪ್ರಿಂಟಿಂಗ್ ಬ್ಲಾಕಿನ 12,000 ಹಂಚಿದರೆ 1.20, ಅಲ್ಲಿಗೆ 41.70 ಆಯಿತು. ಇನ್ನೊಬ್ಬರು ಬ್ಲಾಕೂ ಸೇರಿಸಿ ನಮ್ಮ ಗೋಡೌನಿಗೇ ತಲುಪಿಸಿ 41 ಎಂದಿದ್ದರು. ಜಿಎಸ್‌ಟಿ ಎರಡಕ್ಕೂ ಬೇರೆ. ಎರಡನೆಯವರನ್ನೇ ಆರಿಸಿದೆವು.

ಮೊದಲು ಫೋನ್ ಮಾಡಿದೆ. "ಸರ್, ನಿಮ್ಮ ರೇಟ್ ಒಪ್ಪಿಗೆಯಾಗಿದೆ. ಷರತ್ತಿನ ಪತ್ರ ಮೇಲ್ ಮಾಡ್ತೀನಿ, ಸಹಿ, ಸೀಲ್ ಹಾಕಿ ವಾಪಸ್ ಕಳಿಸಿ. ಆಮೇಲೆ ಪರ್ಚೇಸ್ ಆರ್ಡರ್." ಫೋನಿನಲ್ಲಿ "ಆರ್ಡರ್ ಆಯ್ತು" ಎಂದು ನಾನು ಹೇಳುವುದಿಲ್ಲ. ಹಾಗೆಂದರೆ ಸಂಜೆಗೇ ಪೇಪರ್ ರೀಲ್ ತರಿಸಿಬಿಡುತ್ತಾರೆ, ಸ್ಯಾಂಪಲ್ ಇನ್ನೂ ಪಾಸಾಗಿರುವುದೇ ಇಲ್ಲ.

ಪತ್ರದಲ್ಲಿ ನಾನು ಹೆಚ್ಚು ಹೊತ್ತು ಕೂರುವುದು ಒಂದೇ ಸಾಲಿನ ಮೇಲೆ. "ನಿಮ್ಮ ಕೊಟೇಶನ್ ಪ್ರಕಾರ" ಎಂದಷ್ಟೇ ಬರೆದರೆ ಅದರ ಕೆಳಗೆ ಸಣ್ಣಕ್ಷರದಲ್ಲಿರುವ 50% ಅಡ್ವಾನ್ಸೂ ಒಳಗೆ ಬಂದುಬಿಡುತ್ತದೆ. ಆದ್ದರಿಂದ ಹೀಗೆ ಬರೆದೆ: "ನಿಮ್ಮ ಕೊಟೇಶನ್ನಿನ ದರ ಮತ್ತು ಅಳತೆ ಮಾತ್ರ ಒಪ್ಪಿದ್ದೇವೆ, ಉಳಿದದ್ದಕ್ಕೆಲ್ಲ ಈ ಪತ್ರದ ಷರತ್ತುಗಳೇ ಅನ್ವಯ. ಸ್ಯಾಂಪಲ್ ಪಾಸಾಗುವವರೆಗೆ ಇದು ಆರ್ಡರ್ ಅಲ್ಲ." ಸಹಿ ಕೇಳುವುದೂ ಇದಕ್ಕೇ. 1872ರ ಭಾರತೀಯ ಒಪ್ಪಂದ ಕಾಯ್ದೆಯಂತೆ ಒಪ್ಪಿಗೆ ಬೇಷರತ್ತಾಗಿರಬೇಕು. ನಾವು ಹೊಸ ಷರತ್ತು ಸೇರಿಸಿದರೆ ಅದು ನಮ್ಮ ಕಡೆಯ ಪ್ರಸ್ತಾವವಷ್ಟೇ. ಅವರು ಒಪ್ಪಿದರೆ ಮಾತ್ರ ಒಪ್ಪಂದ.

ಹಣದ ಷರತ್ತು: ಸರಕು ತಲುಪಿದ 30 ದಿನಕ್ಕೆ. ಅವರದು ಉದ್ಯಮ್ ನೋಂದಣಿಯಾದ ಸಣ್ಣ ಘಟಕ. 2006ರ ಎಂಎಸ್ಎಂಇ ಕಾಯ್ದೆಯಂತೆ ಬರಹದಲ್ಲಿ ಒಪ್ಪಿಕೊಂಡರೂ 45 ದಿನ ಮೀರುವಂತಿಲ್ಲ, ಬರಹವೇ ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ಸರಕಿನ ಬಗ್ಗೆ ತಕರಾರಿದ್ದರೂ 15 ದಿನದೊಳಗೆ ಲಿಖಿತವಾಗಿ ಹೇಳದಿದ್ದರೆ ಒಪ್ಪಿಕೊಂಡಂತೆಯೇ. ಅದಕ್ಕೆ "ಬಂದ ಏಳು ದಿನದೊಳಗೆ ಪರೀಕ್ಷೆ, ರಿಜೆಕ್ಟ್ ಆದದ್ದನ್ನು ನಿಮ್ಮ ಖರ್ಚಿನಲ್ಲೇ ಒಯ್ಯಬೇಕು" ಎಂದು ಸೇರಿಸಿದೆ. ಇದು ನಮ್ಮ ಸ್ಟೋರಿನವರಿಗೂ ಚುರುಕು ಮುಟ್ಟಿಸುವ ಸಾಲು!

ಅವರು ಎಳೆದಾಡಿದ್ದು ದರ ಎಷ್ಟು ದಿನ ನಿಲ್ಲಬೇಕು ಎಂಬುದಕ್ಕೆ. "ಕ್ರಾಫ್ಟ್ ಪೇಪರ್ ಏರಿದ್ರೆ ನಾವೇ ಮುಳುಗೋದು ಮೇಡಂ." ನ್ಯಾಯವಾದ ಮಾತೇ. ಮೊದಲ ಮೂರು ತಿಂಗಳು ದರ ಬದಲಾಗದು, ಆಮೇಲೆ ಏರಿಸಬೇಕಾದರೆ ಪೇಪರ್ ಮಿಲ್ಲಿನ ಹಳೆಯ, ಹೊಸ ಎರಡೂ ಬಿಲ್ ತೋರಿಸಬೇಕು ಎಂದು ತಿದ್ದಿ ಮತ್ತೆ ಕಳಿಸಿದೆ. ಆಗ ಸಹಿಯಾಗಿ ಬಂತು.

ಉಳಿದವರಿಗೆ "ಈ ಸಲ ಆಗಲಿಲ್ಲ" ಎಂದು ತಿಳಿಸಿದ್ದು ಆ ಸಹಿ ಕೈಸೇರಿ, ಸ್ಯಾಂಪಲ್ ಪಾಸಾದ ಮೇಲೆಯೇ. ಅಲ್ಲಿಯವರೆಗೆ ದರದಲ್ಲಿ ಎರಡನೇ ಸ್ಥಾನದಲ್ಲಿದ್ದವರ ಕೊಟೇಶನ್ನಿನ ಅವಧಿ ಮುಗಿಯದಂತೆ ಕಣ್ಣಿಟ್ಟಿದ್ದೆ.