ಕಡುಕಪ್ಪು ಕೂದಲಿಗೆ ಬ್ಲೀಚ್ ಹಾಕಿದಾಗ ಕಿತ್ತಳೆ ಬಣ್ಣ ಬರುವುದೇಕೆ?

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ಕಡೆಯ ಯುವತಿಯೊಬ್ಬಳು ಕಾಸರಗೋಡಿನ ನನ್ನ ಪಾರ್ಲರಿಗೆ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಬೂದಿ ಬಣ್ಣದ, ಬೆಳ್ಳಿಯ ಹೊಳಪಿನ ಕೂದಲು. "ಅಕ್ಕಾ, ನನಗೆ ಇದೇ ಬೇಕು. ಅತ್ತಿಗೆ ಇಂಥದ್ದೇ ಚಿತ್ರವಿದ್ದ ಪೆಟ್ಟಿಗೆ ತಂದು ಮನೆಯಲ್ಲೇ ಹಚ್ಚಿಕೊಂಡರು. ಬಿಸಿಲಿಗೆ ನಿಂತರೆ ಸ್ವಲ್ಪ ಕೆಂಪು ಕಾಣಿಸುತ್ತದೆ, ಅಷ್ಟೇ" ಎಂದಳು.

ಅತ್ತಿಗೆಯ ಪೆಟ್ಟಿಗೆ ನಕಲಿಯಾಗಿರಲಿಲ್ಲ. ಅದರ ಮೇಲಿನ ಚಿತ್ರ ಮೊದಲೇ ತಿಳಿಯಾಗಿದ್ದ ಕೂದಲಿನದು. ಹಚ್ಚುವ ಬಣ್ಣ ಯಾವುದೇ ಇರಲಿ, ಕೊನೆಗೆ ಕಾಣುವುದು ಅದರ ಮತ್ತು ಕೂದಲೊಳಗೆ ಉಳಿದ ಸ್ವಂತ ಬಣ್ಣದ ಬೆರಕೆ. ಆದ್ದರಿಂದ ಮೊದಲು ತಿಳಿಯಬೇಕಾದದ್ದು ನಮ್ಮ ಕೂದಲು ಎಲ್ಲಿಂದ ಹೊರಡುತ್ತದೆ ಎಂಬುದನ್ನು.

ಕೇಶ ಬಣ್ಣದ ಕೆಲಸದಲ್ಲಿ ಕೂದಲಿನ ಗಾಢತೆಯನ್ನು 1ರಿಂದ 10ರವರೆಗಿನ ಲೆವೆಲ್‌ಗಳಲ್ಲಿ ಅಳೆಯುತ್ತಾರೆ. 1 ಎಂದರೆ ಕಾಡಿಗೆಯ ಕಪ್ಪು, 10 ಎಂದರೆ ತೀರಾ ತಿಳಿ ಹೊಂಬಣ್ಣ. ನಮ್ಮೂರಿನವರ ಕೂದಲು ಹೆಚ್ಚಾಗಿ 1ರಿಂದ 3ರೊಳಗೆ ಇರುತ್ತದೆ. ಇದನ್ನು ನೋಡಲು ಕೂದಲು ತೊಳೆದು ಒಣಗಿರಬೇಕು. ಒದ್ದೆ ಕೂದಲು, ತೆಂಗಿನೆಣ್ಣೆ ಹಚ್ಚಿದ ಕೂದಲು ಇದ್ದುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ಕಿಟಕಿಯ ಬಳಿ ಕುಳಿತು, ತೆಳುವಾದ ಒಂದು ಎಳೆಯನ್ನು ತಲೆಯಿಂದ ದೂರ ಎತ್ತಿ ಹಿಡಿಯಿರಿ. ಆಗಲೂ ಕಂದು ಸುಳಿಯದಿದ್ದರೆ ಅದು 1. ಅಂಚಿನಲ್ಲಿ ಕಂದಿನ ಸುಳಿವು ಕಂಡರೆ 2 ಅಥವಾ 3. ಈ ಹುಡುಗಿಯದು 2.

ಬ್ಲೀಚ್ ಪುಡಿ ಮತ್ತು ಡೆವಲಪರ್ ಎಂಬ ಹೈಡ್ರೋಜನ್ ಪೆರಾಕ್ಸೈಡ್ ದ್ರವ ಸೇರಿದಾಗ ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಒಡೆಯುತ್ತಾ ಹೋಗುತ್ತದೆ. ಅದು ಕಪ್ಪಿನಿಂದ ನೇರವಾಗಿ ಬಿಳಿಗೆ ಹೋಗುವುದಿಲ್ಲ. ಒಂದೊಂದು ಲೆವೆಲ್ಲಿಗೂ ಒಂದೊಂದು ಒಳಬಣ್ಣ ಹೊರಬೀಳುತ್ತದೆ, ಮತ್ತು ಆ ಕ್ರಮ ಬದಲಾಗುವುದಿಲ್ಲ. 3ರ ಸುಮಾರಿಗೆ ಪುನರ್ಪುಳಿ ಸಿಪ್ಪೆಯ ಕಡುಗೆಂಪು. 4, 5ರಲ್ಲಿ ಮುರಕಲ್ಲಿನ ಕೆಂಪು, ಸ್ವಲ್ಪ ಕಿತ್ತಳೆಯ ಕಡೆಗೆ. 6ರಲ್ಲಿ ಹಣ್ಣಡಿಕೆಯ ಕಿತ್ತಳೆ. 7ರಲ್ಲಿ ಕಿತ್ತಳೆಗೆ ಹಳದಿ ಸೇರಿದ ಜೇನಿನ ಬಣ್ಣ. 8ರಲ್ಲಿ ಹಳದಿ. 9, 10ಕ್ಕೆ ಬರುವಾಗ ಬಾಳೆಹಣ್ಣಿನ ಸಿಪ್ಪೆಯ ಒಳಮೈ. ಹುಡುಗಿ ಕೇಳಿದ ಬೆಳ್ಳಿ ಬಣ್ಣ ನಿಲ್ಲುವುದು ಆ ಕೊನೆಯ ಹಂತದ ಮೇಲೆ ಮಾತ್ರ. ಅದಕ್ಕಿಂತ ಕೆಳಗೆ ಬೂದಿ ಬಣ್ಣ ಹಚ್ಚಿದರೆ ಅಡಿಯ ಕಿತ್ತಳೆ ಅದನ್ನು ನುಂಗುತ್ತದೆ.

ಪೆಟ್ಟಿಗೆಯ ಕಾಯಂ ಬಣ್ಣವೂ ಡೆವಲಪರ್ ಜೊತೆ ಸೇರಿ ಸ್ವಲ್ಪ ತಿಳಿ ಮಾಡುತ್ತದೆ, ಹೆಚ್ಚೆಂದರೆ ಎರಡು, ಮೂರು ಲೆವೆಲ್. ಅತ್ತಿಗೆಯ ಕೂದಲು 2ರಿಂದ 4ಕ್ಕೆ ಬಂದಿರಬೇಕು. ಬಿಸಿಲಿನಲ್ಲಿ ಅವರು ಕಂಡ ಕೆಂಪು ಅಲ್ಲಿಯದೇ.

ಇನ್ನು ಕೆಲಸ. ಇಡೀ ತಲೆಗೆ ಕೈ ಹಾಕುವ ಮೊದಲು ಒಂದು ಎಳೆಯ ಪರೀಕ್ಷೆ ಮಾಡಲೇಬೇಕು. ಇದನ್ನು ಬಿಡುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ, ಏಕೆಂದರೆ ಕೆಟ್ಟ ಕೂದಲು ನಮ್ಮದಲ್ಲ, ಬಂದವರದು. ಮೊದಲಿಗೆ ಮೆಹೆಂದಿ, ಕಪ್ಪು ಡೈ ಹಚ್ಚಿದ್ದುಂಟೇ ಎಂದು ಕೇಳಿದೆ. ಇಲ್ಲ ಎಂದಳು. ಹಚ್ಚಿದ್ದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಅಪ್ಪಟ ಮೆಹೆಂದಿಯ ಬಣ್ಣ ಕೂದಲಿಗೆ ಗಟ್ಟಿಯಾಗಿ ಅಂಟಿ, ಕಿತ್ತಳೆಯಲ್ಲೇ ಕಾಡುತ್ತದೆ. ಲೋಹದ ಲವಣ ಬೆರೆಸಿದ ಪುಡಿಗಳಾದರೆ ಬ್ಲೀಚ್ ತಾಗಿದಾಗ ಕೂದಲು ಬಿಸಿಯಾಗಿ ಕಡಿದು ಹೋಗುವ ಅಪಾಯವಿದೆ. ಕಬ್ಬಿಣದ ಅಂಶವಿರುವ ಬಾವಿ ನೀರಿನಲ್ಲಿ ತಲೆ ತೊಳೆಯುವವರಲ್ಲೂ ಎಚ್ಚರ ಬೇಕು. ಪರೀಕ್ಷೆಯ ಎಳೆ ಮುಟ್ಟಿದರೆ ಸುಡುವಷ್ಟು ಬಿಸಿಯಾದರೆ ಕೂಡಲೇ ತೊಳೆದು ಅಲ್ಲಿಗೇ ನಿಲ್ಲಿಸಿ.

ಕಿವಿಯ ಹಿಂದಿನಿಂದ ಪೆನ್ಸಿಲ್ ದಪ್ಪದ ಎಳೆ ತೆಗೆದುಕೊಂಡೆ. 10 ಗ್ರಾಂ ಪುಡಿಗೆ 20 ಮಿಲಿಲೀಟರ್ ಡೆವಲಪರ್, ಶಕ್ತಿ ಶೇಕಡ 6. ಅಂಗಡಿಯವರು ಅದನ್ನು 20 ವಾಲ್ಯೂಮ್ ಎನ್ನುತ್ತಾರೆ. ಶೇಕಡ 12ರದು ಬೇಗ ಕೆಲಸ ಮಾಡುತ್ತದೆಂದು ತರುವವರಿದ್ದಾರೆ, ಆದರೆ ವೇಗದಲ್ಲಿ ಕೂದಲಿನ ಬಲವೂ ಹೋಗುತ್ತದೆ, ತಲೆಯ ಚರ್ಮ ಸುಡುತ್ತದೆ. ಬುಡದಿಂದ ಎರಡು ಬೆರಳು ಬಿಟ್ಟು ಲೇಪಿಸಿ ಫಾಯಿಲ್ ಸುತ್ತಿದೆ. ಬುಡ ಬಿಡುವುದೇಕೆಂದರೆ ತಲೆಯ ಬಿಸಿಗೆ ಅಲ್ಲಿ ಕೂದಲು ಬೇಗ ತಿಳಿಯಾಗುತ್ತದೆ. ಅಲ್ಲಿಗೆ ಕೊನೆಯಲ್ಲಿ ಹಚ್ಚಬೇಕು.

ಹತ್ತು ನಿಮಿಷಕ್ಕೊಮ್ಮೆ ಫಾಯಿಲ್ ಬಿಡಿಸಿ, ಲೇಪವನ್ನು ಒಂದು ಕಡೆ ಒರೆಸಿ ನೋಡಿದೆವು. ಒರೆಸದೆ ನೋಡಿದರೆ ಬಿಳಿ ಲೇಪದ ಕೆಳಗೆ ಕೂದಲು ಇದ್ದುದಕ್ಕಿಂತ ತಿಳಿಯಾಗಿ ಕಂಡು ಮೋಸವಾಗುತ್ತದೆ. ಹತ್ತಕ್ಕೆ ಕಡುಗೆಂಪು, ಇಪ್ಪತ್ತಕ್ಕೆ ಮುರಕಲ್ಲು, ಮೂವತ್ತಕ್ಕೆ ಹಣ್ಣಡಿಕೆ. ಅದನ್ನು ಕಂಡು ಹುಡುಗಿಯ ಮುಖ ಬಾಡಿತು. ಎಲ್ಲರೂ ಹೆದರುವುದು ಇಲ್ಲಿಯೇ, ಆದರೆ ಇದು ಕೆಲಸ ಕೆಟ್ಟದ್ದಲ್ಲ, ಅರ್ಧ ದಾರಿ. ನಲವತ್ತೈದನೆಯ ನಿಮಿಷಕ್ಕೆ ಜೇನಿನ ಬಣ್ಣ ಬಂತು, ಅಂದರೆ 7. ಆಮೇಲೆ ಬದಲಾವಣೆ ತೀರಾ ನಿಧಾನವಾಯಿತು.

ಎಳೆಯನ್ನು ತೊಳೆದು, ಒದ್ದೆಯಿರುವಾಗಲೇ ಮೆಲ್ಲನೆ ಎಳೆದೆ. ಗಟ್ಟಿ ಕೂದಲು ಸ್ವಲ್ಪ ಹಿಗ್ಗಿ ಮರಳುತ್ತದೆ. ಬೆಂದ ಶ್ಯಾವಿಗೆಯಂತೆ ಹಿಗ್ಗಿ ಹಾಗೇ ಉಳಿದರೆ ಅದಕ್ಕೆ ಇನ್ನೊಂದು ಸಲ ಬ್ಲೀಚ್ ಸಲ್ಲದು. ಇವಳದು ಮರಳಿತು, ಆದರೆ ತುದಿಯಲ್ಲಿ ಒರಟಾಗಿತ್ತು. ಬೆಳ್ಳಿಗೆ ಇನ್ನೂ ಎರಡು ಮೂರು ಲೆವೆಲ್ ಬೇಕು. ಉದ್ದ ಕೂದಲಿನ ತುದಿ ಅದನ್ನು ತಾಳುವುದಿಲ್ಲ ಎಂದು ಹೇಳಿದೆ. 7ರ ಮೇಲೆ ಚೆನ್ನಾಗಿ ಕೂರುವುದು ಮಂಕಾದ ತಿಳಿಗಂದು. ಎಳೆಯನ್ನೇ ತೋರಿಸಿದ್ದರಿಂದ ಒಪ್ಪಿಸಲು ಕಷ್ಟವಾಗಲಿಲ್ಲ.

ಉಳಿದದ್ದು ಟೋನರ್, ಬ್ಲೀಚ್ ಆದ ಮೇಲೆ ಬೇಡದ ಛಾಯೆಯನ್ನು ತಗ್ಗಿಸಲು ಹಚ್ಚುವ ಬಣ್ಣ. ಕಿತ್ತಳೆಯನ್ನು ನೀಲಿ ತಗ್ಗಿಸುತ್ತದೆ, ಹಳದಿಯನ್ನು ನೇರಳೆ. ಜೇನಿನ ಬಣ್ಣದಲ್ಲಿ ಎರಡೂ ಇರುವುದರಿಂದ ಬರೀ ನೀಲಿ ಹಾಕಿದರೆ ಹಳದಿಯೊಂದಿಗೆ ಸೇರಿ ಹಸಿರು ಛಾಯೆ ಬರಬಹುದು. ಹಾಗಾಗಿ ಬೂದಿಯ ಅಂಶವುಳ್ಳ 6ರ ಬಣ್ಣ ಅರ್ಧ, ಸಾದಾ 6 ಅರ್ಧ ಬೆರೆಸಿದೆ. ಡಬ್ಬಿಯ ಮೇಲಿನ ಸಂಖ್ಯೆಯಲ್ಲಿ ಲೆವೆಲ್ಲಿನ ನಂತರ ಚುಕ್ಕೆಯಿಟ್ಟು ಬರೆದ ಅಂಕಿ ಛಾಯೆಯನ್ನು ಹೇಳುತ್ತದೆ. ಅದರ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಡಬ್ಬಿಯನ್ನು ಓದಿಯೇ ಆರಿಸಬೇಕು. ತಿಳಿಯಾದುದಕ್ಕಿಂತ ಒಂದು ಲೆವೆಲ್ ಗಾಢವಾದದ್ದನ್ನು ತೆಗೆದುಕೊಳ್ಳಲು ಕಾರಣವಿದೆ. ಕಿತ್ತಳೆಯ ಮೇಲೆ 8ರ ಬೂದಿ ಹಚ್ಚಿದರೆ ಅದನ್ನು ಮುಚ್ಚುವಷ್ಟು ಬಣ್ಣ ಅದರಲ್ಲಿರುವುದಿಲ್ಲ. ಎರಡು ದಿನ ಮೊದಲೇ ಕಿವಿಯ ಹಿಂದಿನ ಚರ್ಮಕ್ಕೆ ಈ ಬಣ್ಣದ ಒಂದು ಚುಕ್ಕೆ ಹಚ್ಚಿ ತುರಿಕೆ, ಉರಿ ಇಲ್ಲವೆಂದು ನೋಡಿಕೊಂಡಿದ್ದೆ.

ಪರೀಕ್ಷೆಯ ಎಳೆಗೆ ಶೇಕಡ 3ರ ಡೆವಲಪರ್ ಜೊತೆ ಟೋನರ್ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು ತೊಳೆದೆ. ಒಣಗಿದಾಗ ಹಾಲು ಕಡಿಮೆ ಹಾಕಿದ ಕಾಫಿಯ ಬಣ್ಣ. ಮುಂದಿನ ವಾರ ಅದೇ ಅಳತೆಯಲ್ಲಿ, ಮುಖದ ಸುತ್ತಲಿನ ಮತ್ತು ಮೇಲ್ಭಾಗದ ಎಳೆಗಳಿಗೆ ಮಾತ್ರ ಮಾಡಿದೆ.

ನಾಲ್ಕಾರು ವಾರಗಳಲ್ಲಿ ಟೋನರ್ ತೊಳೆದು ಹೋಗಿ ಕೆಳಗಿನ ಜೇನು ಮತ್ತೆ ಇಣುಕುತ್ತದೆ. ಆಗ ಬ್ಲೀಚ್ ಬೇಡ, ಟೋನರ್ ಮಾತ್ರ ಸಾಕು. ಬುಡದಲ್ಲಿ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಕಪ್ಪು ಬೆಳೆಯುತ್ತದೆ. ಬ್ಲೀಚ್ ಹಾಕುವುದಾದರೆ ಅದಕ್ಕಷ್ಟೇ ಹಾಕಿ, ಮೊದಲು ತಿಳಿಯಾದ ಭಾಗಕ್ಕೆ ಲೇಪ ತಾಗದಂತೆ ಕಂಡಿಷನರ್ ಹಚ್ಚಿಡಿ. ಲೇಪ ಎರಡನೆಯ ಸಲ ಬಿದ್ದ ಗೆರೆಯಲ್ಲೇ ಕೂದಲು ತುಂಡಾಗುವುದು ಹೆಚ್ಚು.