ಮೂವರ ತುರುಫಾಟ: ಅದೃಷ್ಟವನ್ನು ಅಳೆದದ್ದು ಹೇಗೆ

ಇಪ್ಪತ್ತೆಂಟು ಅನ್ನೋ ಇಸ್ಪೀಟಾಟ ಆಡೋಕೆ ನಾಲ್ಕು ಜನ ಬೇಕು. ನಮ್ಮ ಮನೆಯಲ್ಲಿ ಇರುವುದು ಮೂವರು. ಅದಕ್ಕೇ ಮೂವರ ತುರುಫಾಟವೊಂದನ್ನು ನಾನೇ ಕಟ್ಟಿದೆ.

ಮೂರು ಬಣ್ಣ, ಒಂದೊಂದರಲ್ಲೂ 1ರಿಂದ 10. ಒಬ್ಬೊಬ್ಬರಿಗೆ ಹತ್ತು ಎಲೆ. ಮೊದಲು ಎಲ್ಲರೂ ಒಂದೊಂದು ಎಲೆಯನ್ನು ಕವುಚಿ ಇಡಬೇಕು. ಆಮೇಲೆ ಒಟ್ಟಿಗೆ ತೆರೆದಾಗ ಎರಡು ಅಥವಾ ಮೂರು ಎಲೆ ಒಂದೇ ಬಣ್ಣದ್ದಾದರೆ ಅದೇ ತುರುಫು, ಅಂದರೆ ಉಳಿದ ಬಣ್ಣಗಳನ್ನು ಸೋಲಿಸುವ ಬಣ್ಣ. ಮೂರೂ ಬೇರೆಯಾದರೆ ಆ ಆಟಕ್ಕೆ ತುರುಫೇ ಇಲ್ಲ. ಉಳಿದ ಒಂಬತ್ತು ಎಲೆಗೆ ಒಂಬತ್ತು ಟ್ರಿಕ್, ಅಂದರೆ ಮೂವರೂ ಒಂದೊಂದು ಎಲೆ ಇಳಿಸುವ ಸುತ್ತು. ಮೊದಲು ಇಳಿಸಿದ ಬಣ್ಣ ಕೈಯಲ್ಲಿದ್ದರೆ ಅದನ್ನೇ ಹಾಕಬೇಕು.

ಮಾಮೂಲಿ ಇಸ್ಪೀಟಿನಲ್ಲೇ ಮೂರು ಜಾತಿಯ ಎಕ್ಕದಿಂದ ಹತ್ತರವರೆಗೆ ತೆಗೆದು ಆಡಬಹುದು. ಆದರೆ ಎಕ್ಕವನ್ನು ಎಲ್ಲರೂ ದೊಡ್ಡದೆಂದೇ ಹಾಕಿಬಿಡುತ್ತಾರೆ, ಅಭ್ಯಾಸಬಲ. ಹಾಗಾಗಿ ವಿಸಿಟಿಂಗ್ ಕಾರ್ಡಿನಂಥ ದಪ್ಪ ಕಾಗದ ಕತ್ತರಿಸಿ ಬರೆದೆ. ಸ್ಕೆಚ್ ಪೆನ್ ಬೇಡ, ಹಿಂದಕ್ಕೆ ಇಂಕು ಕಾಣುತ್ತದೆ. ಅಂಕಿ ಎಡ ಮೂಲೆಯಲ್ಲಿರಲಿ. ಎಲೆ ಬಿಡಿಸಿ ಹಿಡಿದಾಗ ಕಾಣುವುದು ಅಷ್ಟೇ.

ಮೊದಲಿಗೆ ಟ್ರಿಕ್‌ಗೊಂದು ಅಂಕ ಇಟ್ಟಿದ್ದೆ. "ಅಣ್ಣ, ಈ ಎಲೆ ಬಂದ್ರೆ ಮುಗೀತು, ಆಡೋದ್ಯಾಕೆ?" ಅಂದಳು ತಂಗಿ. ಅವಳ ಮಾತು ಎಷ್ಟು ನಿಜ ಅಂತ ಅಳೆಯಬೇಕಿತ್ತು. ಬ್ರಿಜ್ ಸ್ಪರ್ಧೆಗಳಲ್ಲಿ ಒಂದೇ ಹಂಚಿಕೆಯನ್ನು ಬೇರೆ ಬೇರೆಯವರು ಆಡುತ್ತಾರೆ. ಅದೇ ದಾರಿ ಹಿಡಿದೆ. ಇಳಿಸಿದ ಎಲೆಯನ್ನು ನಡುವೆ ಬೆರೆಸದೆ ತಮ್ಮ ಮುಂದೆಯೇ ಇಟ್ಟುಕೊಳ್ಳಬೇಕು. ಆಟ ಮುಗಿದ ಮೇಲೆ ಮೂರೂ ಕಟ್ಟು ಲಕೋಟೆಗೆ ಹೋಗುತ್ತವೆ. ಕೆಲವು ದಿನ ಬಿಟ್ಟು, ಬೇರೆ ಹಂಚಿಕೆಗಳ ನಡುವೆ ಸೇರಿಸಿ, ಲಕೋಟೆ ಅದಲುಬದಲು ಮಾಡಿ ಮತ್ತೆ ಆಡಬೇಕು. ತಕ್ಷಣ ಆಡಿದರೆ ಎಲೆ ನೆನಪಿರುತ್ತದೆ, ಪರೀಕ್ಷೆ ಕೆಡುತ್ತದೆ.

ಒಂದು ಹಂಚಿಕೆಯನ್ನು ಮೂರು ಸಲ ಆಡಿದಾಗ ಮೊದಲ ಲಕೋಟೆಗೆ ಬಂದ ಟ್ರಿಕ್ 6, 5, 6. ಎರಡನೆಯದಕ್ಕೆ 2, 3, 1. ಮೂರನೆಯದಕ್ಕೆ 1, 1, 2. ಯಾರು ಹಿಡಿದರೂ ಫಲ ಹೆಚ್ಚುಕಡಿಮೆ ಒಂದೇ. ಆಡುತ್ತಿದ್ದದ್ದು ಎಲೆ, ನಾವಲ್ಲ.

ಆಗ ಅಂಕ ಬದಲಿಸಿದೆ. ಎಷ್ಟು ಟ್ರಿಕ್ ಎತ್ತುತ್ತೇನೆಂದು ಮುಂಚೆಯೇ ಹೇಳಬೇಕು. ಹೇಳಿದಷ್ಟೇ ಬಂದರೆ ಐದು ಅಂಕ, ಜೊತೆಗೆ ಟ್ರಿಕ್‌ಗೊಂದು. ತಪ್ಪಿದರೆ ಸೊನ್ನೆ. ಈಗ ಕೆಟ್ಟ ಎಲೆಯವರಿಗೂ ಕೆಲಸವಿದೆ: ಒಂದೆಂದು ಹೇಳಿ ಒಂದೇ ಎತ್ತಬೇಕು, ಬೇಡದ 8 ಅಥವಾ 9 ಇದ್ದರೆ ಬೇರೆಯವರ ದೊಡ್ಡೆಲೆಯ ಕೆಳಗೆ ಕಳೆದುಬಿಡಬೇಕು.

ಉಳಿದ ಪ್ರಶ್ನೆ, ಕವುಚಿಟ್ಟ ಎಲೆ ತೆರೆಯುವುದು ಯಾವಾಗ? ಮಾತು ಕೊಟ್ಟ ಮೇಲೆ ತೆರೆದರೆ ಕೂಗಾಟ ಜೋರು, ಮಜಾನೂ ಜಾಸ್ತಿ. ಆದರೆ ಲಕೋಟೆ ಲೆಕ್ಕ ನೋಡಿದರೆ, ಚೆನ್ನಾಗಿ ಆಡುವವರೂ ಸುಮ್ನೆ ತುರುಫಿನ ಮೇಲೆ ಜೂಜಾಡಿದಂತೆ ಅಂಕ ಕಳೆದುಕೊಂಡಿದ್ದರು. ಮೊದಲೇ ತೆರೆದಾಗ ಅದೇ ಎಲೆಗಳಲ್ಲಿ ಅವರ ಅಂಕ ಮೇಲೆ ಬಂತು. ನಿರ್ಧಾರಕ್ಕಿಂತ ಮುಂಚೆ ಬರುವ ಅದೃಷ್ಟಕ್ಕೆ ಉಪಾಯ ಹುಡುಕಬಹುದು, ಆಮೇಲೆ ಬಂದದ್ದನ್ನು ಬರೀ ಸಹಿಸಿಕೊಳ್ಳಬೇಕು ಅಲ್ವಾ? ಅದಕ್ಕೇ ಮೊದಲೇ ತೆರೆಯುವ ನಿಯಮ ಉಳಿಸಿಕೊಂಡೆ. ಮೂವರು ಹೇಳಿದ್ದರ ಮೊತ್ತ ಒಂಬತ್ತಾಗದಂತೆ ಕೊನೆಯವರು ಹೇಳಬೇಕು ಎಂಬುದನ್ನೂ ಹಳೆಯ ಆಟಗಳಿಂದ ತಂದು ಸೇರಿಸಿದೆ. ಇದರಿಂದ ಪ್ರತಿ ಆಟದಲ್ಲೂ ಒಬ್ಬರಾದರೂ ತಪ್ಪಲೇಬೇಕು.