ರೋಸ್ ಮಿಲ್ಕ್ ಫಲೂದಾ: ಪದರ ಕದಡದಂತೆ, ಲೋಟ ಉಕ್ಕದಂತೆ

ಫಲೂದಾದಲ್ಲಿ ಅಡುಗೆಯ ಕೆಲಸ ತೀರಾ ಕಡಿಮೆ. ಹಾಲು ಕಾಯಿಸಿ, ಶಾವಿಗೆ ಬೇಯಿಸಿ, ಕಾಮಕಸ್ತೂರಿ ಬೀಜ ನೆನೆಹಾಕಿದರೆ ಮುಗಿಯಿತು. ರಾದ್ಧಾಂತವೆಲ್ಲ ಲೋಟಕ್ಕೆ ತುಂಬುವಾಗ. ಸಿರಪ್ ಗಾಜಿಗೆ ಮೆತ್ತಿಕೊಳ್ಳುತ್ತದೆ, ಬೀಜ ಮೇಲೆ ತೇಲಿ ಬರುತ್ತದೆ, ಐಸ್‌ಕ್ರೀಮ್ ಇಟ್ಟ ಕೂಡಲೇ ಹಾಲು ಅಂಚು ದಾಟಿ ಹರಿಯುತ್ತದೆ. ಕೊನೆಗೆ ಕೈಗೆ ಸಿಗುವುದು ಒಂದೇ ಬಣ್ಣದ ಗುಲಾಬಿ ಗಂಜಿ. ರುಚಿಗೆ ಏನೂ ಮೋಸವಿಲ್ಲ, ನಿಜ. ಆದರೆ ಪದರ ಪದರವಾಗಿ ಕಾಣಲೆಂದು ಗಾಜಿನ ಲೋಟ ತೆಗೆದಿಟ್ಟವರಿಗೆ ಅಷ್ಟು ಸಾಲದು.

ನಾನು ಮಾಡುವಾಗ ಮೂರು ವಿಷಯಗಳ ಮೇಲೆ ಕಣ್ಣಿಟ್ಟಿರುತ್ತೇನೆ: ಯಾವುದು ಭಾರ, ಯಾವುದರಲ್ಲಿ ನೀರು ಉಳಿದಿದೆ, ಲೋಟದಲ್ಲಿ ಎಷ್ಟು ಜಾಗ ಬಿಡಬೇಕು. ಕೈಚಳಕಕ್ಕಿಂತ ಇವೇ ಮುಖ್ಯ.

ಭಾರದ ಮಾತು ಶುರುವಾಗುವುದು ಗುಲಾಬಿ ಸಿರಪ್‌ನಿಂದ. ಗಟ್ಟಿ ಸಕ್ಕರೆ ಪಾಕ ಹಾಲಿಗಿಂತ ಎಷ್ಟೋ ಭಾರ. ಅದು ತಳದಲ್ಲಿದ್ದು ಹಾಲು ಮೇಲಿನಿಂದ ಮೆಲ್ಲಗೆ ಬಂದರೆ ಎರಡೂ ತಂತಮ್ಮ ಜಾಗದಲ್ಲಿ ಕೂರುತ್ತವೆ. ತೆಳು ಸಿರಪ್ ಆದರೆ ಈ ಆಟ ನಡೆಯುವುದಿಲ್ಲ. ಪರೀಕ್ಷೆ ಸುಲಭ: ಸಣ್ಣ ಗಾಜಿನ ಲೋಟದಲ್ಲಿ ತಣ್ಣನೆಯ ಹಾಲು ತೆಗೆದುಕೊಂಡು ಅಂಚಿಗೆ ತಾಗಿಸಿ ಒಂದು ಹನಿ ಸಿರಪ್ ಬಿಡಬೇಕು. ಅದು ನೂಲಿನಂತೆ ನೇರವಾಗಿ ತಳ ಮುಟ್ಟಿದರೆ ಸರಿ, ಅರ್ಧದಲ್ಲೇ ಹೊಗೆಯಂತೆ ಹರಡಿದರೆ ಇನ್ನಷ್ಟು ಗಟ್ಟಿಯಾಗಬೇಕು. ಮನೆಯಲ್ಲಿ ಮಾಡುವುದಾದರೆ 200 ಗ್ರಾಂ ಸಕ್ಕರೆಗೆ 100 ಮಿ.ಲೀ. ನೀರು, ಬಣ್ಣಕ್ಕೆ ಎರಡು ಬಿಲ್ಲೆ ಬೀಟ್‌ರೂಟ್. ಸಕ್ಕರೆ ಪೂರ್ತಿ ಕರಗಿ ಒಂದು ಕುದಿ ಬಂದಮೇಲೆ ಬೀಟ್‌ರೂಟ್ ತೆಗೆದು, ಸಕ್ಕರೆ ಹರಳುಗಟ್ಟದಿರಲೆಂದು ನಾಲ್ಕು ಹನಿ ನಿಂಬೆರಸ ಹಾಕುತ್ತೇನೆ. ಪನ್ನೀರು ಸೇರಿಸುವುದು ಪಾಕ ಆರಿದ ಮೇಲೆ. ಬಿಸಿಯಲ್ಲಿ ಹಾಕಿದರೆ ಪರಿಮಳ ಅಡುಗೆಮನೆ ತುಂಬುತ್ತದೆ, ಲೋಟದಲ್ಲಿ ಉಳಿಯುವುದಿಲ್ಲ. ಅದೂ ಒಂದೆರಡು ಚಮಚ ಸಾಕು, ಹೆಚ್ಚಾದರೆ ಪಾಕ ಮತ್ತೆ ತೆಳುವಾಗುತ್ತದೆ.

ಇನ್ನು ಕಾಮಕಸ್ತೂರಿ ಬೀಜ. ಅಂಗಡಿಯಲ್ಲಿ ಸಬ್ಜಾ ಅಂತಲೂ ಕೊಡುತ್ತಾರೆ. ಇದನ್ನು ನೆನೆಸಬೇಕಾದ್ದು ಬರೀ ನೀರಿನಲ್ಲಿ. ಸಿಹಿ ನೀರಿನಲ್ಲೋ ಹಾಲಿನಲ್ಲೋ ಹಾಕಿದರೆ ಸರಿಯಾಗಿ ಉಬ್ಬುವುದಿಲ್ಲ, ಏಕೆಂದರೆ ಬೀಜ ಹೀರಬೇಕಾದ ನೀರನ್ನು ಸಕ್ಕರೆ ಹಿಡಿದಿಟ್ಟುಕೊಂಡಿರುತ್ತದೆ. ನಾಲ್ಕು ಲೋಟಕ್ಕೆ ಒಂದು ಟೇಬಲ್ ಚಮಚ ಬೀಜ, ಎರಡು ಕಪ್ ಉಗುರು ಬೆಚ್ಚಗಿನ ನೀರು. ಹಾಕಿದ ತಕ್ಷಣ ಒಮ್ಮೆ, ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ಕಲಕಬೇಕು, ಇಲ್ಲದಿದ್ದರೆ ಗಂಟು ಕಟ್ಟಿ ಒಳಗಿನವು ಒಣಗಿದಂತೆಯೇ ಉಳಿಯುತ್ತವೆ. ಇಪ್ಪತ್ತು ನಿಮಿಷಕ್ಕೆ ಪ್ರತಿ ಬೀಜದ ಸುತ್ತ ಬೂದು-ಬಿಳಿ ಲೋಳೆ ಕಟ್ಟಿ, ನಡುವೆ ಕಪ್ಪು ಚುಕ್ಕೆ ಕಾಣಬೇಕು. ಮಕ್ಕಳಿಗೆ ಕೊಡುವುದಾದರೆ ಇದನ್ನು ಕಣ್ಣಾರೆ ನೋಡಿಯೇ ಮುಂದುವರಿಯಬೇಕು. ಸರಿಯಾಗಿ ನೆನೆಯದ ಬೀಜ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು.

ನೆನೆದ ಬೀಜವನ್ನು ನೀರಿನ ಸಮೇತ ಲೋಟಕ್ಕೆ ಸುರಿಯುವವರೇ ಹೆಚ್ಚು. ಪದರ ಕೆಡುವುದು ಮೊದಲು ಇಲ್ಲೇ. ಆ ನೀರು ಸಿರಪ್‌ನ ಮೇಲ್ಭಾಗವನ್ನು ತೆಳು ಮಾಡಿಬಿಡುತ್ತದೆ, ಗೆರೆ ಅಳಿಸಿ ಹೋಗುತ್ತದೆ. ನಾನು ಟೀ ಸೋಸುವ ಜಾಲರಿಗೆ ಹಾಕಿ ಐದು ನಿಮಿಷ ಬಿಡುತ್ತೇನೆ, ನಡುವೆ ಜಾಲರಿಯ ಅಂಚನ್ನು ಬೆರಳಿಂದ ನಾಲ್ಕು ಸಲ ತಟ್ಟುತ್ತೇನೆ. ಚಮಚದಿಂದ ಒತ್ತಬಾರದು, ಲೋಳೆ ಕಿತ್ತು ಬರುತ್ತದೆ. ಚಮಚದಲ್ಲಿ ತೆಗೆದಾಗ ಬೀಜ ಗುಡ್ಡೆಯಾಗಿ ನಿಲ್ಲಬೇಕು, ಹರಿಯಬಾರದು. ಬಸಿದ ಮೇಲೆ ಒಂದು ಚಹಾ ಚಮಚ ಸಿರಪ್ ಕಲಸಿ ಫ್ರಿಜ್‌ನಲ್ಲಿಡುತ್ತೇನೆ. ಇದು ರುಚಿಗೂ ಹೌದು, ತೂಕಕ್ಕೂ ಹೌದು. ಬರೀ ನೀರು ಕುಡಿದ ಬೀಜ ಸಿಹಿ ಹಾಲಿಗಿಂತ ಹಗುರವಾಗಿದ್ದು ಮೇಲೇಳಲು ನೋಡುತ್ತದೆ, ಒಂದಿಷ್ಟು ಸಿಹಿ ಒಳಗಿಳಿದರೆ ಆ ಚಪಲ ಕಡಿಮೆ.

ಶಾವಿಗೆಯಲ್ಲಿ ನನ್ನ ಆಯ್ಕೆ ಮೆಕ್ಕೆಜೋಳದ ಪಿಷ್ಟದ ಫಲೂದಾ ಶಾವಿಗೆ. ಅದು ಸಿಗದಿದ್ದರೆ ತೆಳು ಅಕ್ಕಿ ಶಾವಿಗೆ. ಪಾಯಸದ ಗೋಧಿ ಶಾವಿಗೆ ಹಾಕಬಾರದೆಂದೇನೂ ಇಲ್ಲ, ಆದರೆ ಅದು ಹಾಲು ಕುಡಿದು ಮೆತ್ತಗಾಗಿ ಹಾಲನ್ನೂ ಮಬ್ಬು ಮಾಡುತ್ತದೆ. ನಾಲ್ಕು ಲೋಟಕ್ಕೆ ಒಣ ಶಾವಿಗೆ 60 ಗ್ರಾಂ. ಧಾರಾಳ ನೀರು ಕುದಿಯುವಾಗ ಹಾಕಿ, ಎಳೆಯ ನಡುವಿನ ಬಿಳಿ ಗೆರೆ ಮಾಯವಾಗಿ ಪಾರದರ್ಶಕವಾದ ಕೂಡಲೇ ಇಳಿಸಬೇಕು. ಗಡಿಯಾರ ನೋಡುವುದಕ್ಕಿಂತ ಒಂದೊಂದು ಎಳೆ ತೆಗೆದು ಕಚ್ಚಿ ನೋಡುವುದು ವಾಸಿ, ಒಂದೊಂದು ಪ್ಯಾಕೆಟ್‌ನ ದಪ್ಪ ಒಂದೊಂದು ತರಹ. ಬಸಿದು, ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ತೊಳೆದು, ಮತ್ತೆ ಚೆನ್ನಾಗಿ ಬಸಿಯಬೇಕು. ಮೇಲಿನ ಪಿಷ್ಟ ಹೋಗದಿದ್ದರೆ ಇಡೀ ಶಾವಿಗೆ ಒಂದೇ ಮುದ್ದೆ.

ಆಮೇಲೆ ಕತ್ತರಿ. ಪಾತ್ರೆಯಲ್ಲೇ ಕತ್ತರಿ ಆಡಿಸಿ ಎಳೆಗಳನ್ನು ಬೆರಳಿನ ಅರ್ಧದಷ್ಟು ಉದ್ದಕ್ಕೆ ತುಂಡರಿಸುತ್ತೇನೆ. ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ಉದ್ದ ಎಳೆ ಇದ್ದರೆ ತಿನ್ನುವವರು ಮೊದಲ ಚಮಚ ಎತ್ತುವಾಗಲೇ ಇಡೀ ಗಂಟು ಮೇಲೆದ್ದು ಐಸ್‌ಕ್ರೀಮನ್ನು ಮೇಜಿಗೆ ಉರುಳಿಸುತ್ತದೆ.

ಅರ್ಧ ಲೀಟರ್ ಗಟ್ಟಿ ಹಾಲನ್ನು 400 ಮಿ.ಲೀ.ಗೆ ಇಳಿಯುವವರೆಗೆ ಕಾಯಿಸಿ, ಆರಿಸಿ, ಕೆನೆ ಸೋಸಿ ತೆಗೆದು, ಫ್ರಿಜ್‌ನಲ್ಲಿ ಪೂರ್ತಿ ತಣ್ಣಗೆ ಮಾಡಬೇಕು. ಕೆನೆಯ ಚೂರು ಲೋಟದ ಗೋಡೆಗೆ ಅಂಟಿದರೆ ನೋಡಲು ಚೆಂದವಿಲ್ಲ. ತಣ್ಣಗಾದ ಮೇಲೆಯೇ ಎರಡು ಟೇಬಲ್ ಚಮಚ ಸಿರಪ್ ಕಲಸಿ ತೆಳು ಗುಲಾಬಿ ಬಣ್ಣಕ್ಕೆ ತರುತ್ತೇನೆ. ಬಿಸಿ ಹಾಲಿಗೆ ಹಾಕದಿರುವುದಕ್ಕೆ ಕಾರಣವಿದೆ: ಕೊಂಡ ಸಿರಪ್‌ಗಳಲ್ಲಿ ಸಾಮಾನ್ಯವಾಗಿ ಸಿಟ್ರಿಕ್ ಆಮ್ಲ ಇರುತ್ತದೆ, ಹಾಲು ಒಡೆಯುವ ಸಾಧ್ಯತೆ ಉಂಟು. ಹಾಲಿನ ಬಣ್ಣ ತೆಳುವಾಗಿಯೇ ಇರಲಿ. ತಳದ ಕಡುಗೆಂಪು ಎದ್ದು ಕಾಣುವುದು ಆಗಲೇ.

ಐಸ್‌ಕ್ರೀಮ್ ಉಂಡೆಗಳನ್ನು ಲೋಟ ತುಂಬುವ ಹೊತ್ತಿಗೆ ಕೆರೆಯುತ್ತಾ ಕೂರುವುದಿಲ್ಲ. ಒಂದು ಗಂಟೆ ಮುಂಚೆಯೇ ವೆನಿಲಾ ಉಂಡೆಗಳನ್ನು ತೆಗೆದು, ಬೆಣ್ಣೆ ಕಾಗದ ಹಾಕಿದ ತಟ್ಟೆಯಲ್ಲಿಟ್ಟು ಮತ್ತೆ ಫ್ರೀಜರ್‌ಗೆ ಸೇರಿಸಿರುತ್ತೇನೆ. ಕಲ್ಲಿನಂತಾದ ಉಂಡೆ ಎರಡು ಚಮಚದ ನಡುವೆ ಜಾರದೆ ನಿಲ್ಲುತ್ತದೆ, ಹಾಲಿಗೆ ಬಿದ್ದಮೇಲೂ ನಿಧಾನವಾಗಿ ಕರಗುತ್ತದೆ.

ಈಗ ಜಾಗದ ಲೆಕ್ಕ. ನನ್ನ ಲೋಟ ಅಂಚಿನವರೆಗೆ 300 ಮಿ.ಲೀ. ಹಿಡಿಯುತ್ತದೆ. ಸಿರಪ್ 30, ಬೀಜ 45, ಶಾವಿಗೆ 60, ಹಾಲು 90, ಒಟ್ಟು 225. ಅದರ ಮೇಲೆ 60 ಮಿ.ಲೀ.ಯ ಐಸ್‌ಕ್ರೀಮ್ ಉಂಡೆ. ಕೂಡಿದರೆ 285, ಅಂಚಿಗೆ ತೀರಾ ಹತ್ತಿರ ಅನ್ನಿಸುತ್ತದೆ. ಆದರೆ ಐಸ್‌ಕ್ರೀಮ್‌ನಲ್ಲಿ ಗಾಳಿ ಸೇರಿರುವುದರಿಂದ ಅದು ತೇಲುತ್ತದೆ, ತನ್ನ ತೂಕದಷ್ಟು ಹಾಲನ್ನು ಮಾತ್ರ ಮೇಲೆ ತಳ್ಳುತ್ತದೆ. ಅಂಥ ಉಂಡೆಯ ತೂಕ ಸುಮಾರು 35ರಿಂದ 40 ಗ್ರಾಂ, ಹಾಗಾಗಿ ಮಟ್ಟ 265ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಉಂಡೆಯನ್ನು ಚಮಚದಿಂದ ಕೆಳಕ್ಕೆ ಒತ್ತಿದರೆ ಈ ಲೆಕ್ಕ ತಪ್ಪುತ್ತದೆ, ಆಗಲೇ ಉಕ್ಕುವುದು. ಬೇರೆ ಅಳತೆಯ ಲೋಟವಾದರೆ ಹಾಲು ಹಾಕಿದ ಮೇಲೆ ಕಾಲು ಭಾಗ ಖಾಲಿ ಇರುವಂತೆ ನೋಡಿಕೊಂಡರೆ ಸಾಕು.

ತುಂಬುವಾಗ ಮೊದಲು ಸಿರಪ್, ಸಾಸ್ ಬಾಟಲಿಯ ಮೂತಿಯಿಂದ ನೇರ ತಳದ ನಡುವಿಗೆ. ಗೋಡೆಗೆ ತಾಗಿದರೆ ಉದ್ದಕ್ಕೂ ಕೆಂಪು ಪಟ್ಟೆ ಇಳಿಯುತ್ತದೆ, ಆ ಮೇಲೆ ಒರೆಸಲು ಆಗುವುದಿಲ್ಲ. ಬಾಟಲಿ ಇಲ್ಲದಿದ್ದರೆ ಉದ್ದ ಹಿಡಿಯ ಚಮಚವನ್ನು ತಳದವರೆಗೆ ಇಳಿಸಿ ಓರೆ ಮಾಡಬೇಕು. ಮೇಲೆ ಬೀಜ, ಚಮಚ ಚಮಚವಾಗಿ, ಬೀಳಿಸದೆ ಕೂರಿಸಬೇಕು. ಸಿರಪ್ ಅಷ್ಟು ಭಾರವಿರುವುದರಿಂದ ಬೀಜ ಅದರೊಳಗೆ ಮುಳುಗದೆ ಮೇಲೆಯೇ ನಿಲ್ಲುತ್ತದೆ.

ಅದರ ಮೇಲೆ ಶಾವಿಗೆ. ಕೆಲವರು ಶಾವಿಗೆ ಮೊದಲು, ಬೀಜ ಆಮೇಲೆ ಹಾಕುತ್ತಾರೆ. ನನಗೆ ಈ ಕ್ರಮವೇ ಸರಿ ಅನ್ನಿಸುವುದು, ಏಕೆಂದರೆ ಬೇಯಿಸಿದ ಶಾವಿಗೆ ಹಾಲಿನಲ್ಲಿ ಮುಳುಗುವಂಥದ್ದು. ಅದು ಅಂಚಿನಿಂದ ಅಂಚಿಗೆ ಹರಡಿದ್ದರೆ ಕೆಳಗಿನ ಬೀಜಗಳನ್ನು ಮೇಲೇಳದಂತೆ ಹಿಡಿದಿಡುತ್ತದೆ. ಫೋರ್ಕ್‌ನಿಂದ ಇಟ್ಟು ಮೆಲ್ಲಗೆ ಹರಡಬೇಕು, ಗಾಜಿನ ಪಕ್ಕದಲ್ಲಿ ಸಂದು ಬಿಡಬಾರದು. ಬೀಜ ನುಸುಳಿ ಬರುವುದು ಆ ಸಂದಿನಲ್ಲೇ.

ಹಾಲನ್ನು ಶಾವಿಗೆಗೆ ತಾಗುವಷ್ಟು ಕೆಳಗೆ ಹಿಡಿದ ಚಮಚದ ಬೆನ್ನ ಮೇಲೆ ಸಣ್ಣ ಧಾರೆಯಾಗಿ ಬಿಡುತ್ತೇನೆ. ಮೊದಲ ನಾಲ್ಕು ಚಮಚದಷ್ಟು ಹಾಕಿ ನಿಲ್ಲಿಸುತ್ತೇನೆ. ಶಾವಿಗೆಯ ನಡುವಿನ ಗಾಳಿ ಗುಳ್ಳೆಯಾಗಿ ಹೊರಬಂದು ಮಟ್ಟ ಸ್ವಲ್ಪ ಇಳಿಯುತ್ತದೆ. ಆಮೇಲೆ ಉಳಿದದ್ದು. ಒಂದೇ ಸಲಕ್ಕೆ ಸುರಿದರೆ ಧಾರೆ ಶಾವಿಗೆಯನ್ನು ಸೀಳಿಕೊಂಡು ಸಿರಪ್ ತನಕ ಹೋಗಿ ಎಲ್ಲವನ್ನೂ ಕದಡುತ್ತದೆ. ಕೊನೆಗೆ ಎರಡು ಚಮಚದ ನಡುವೆ ಐಸ್‌ಕ್ರೀಮ್ ಉಂಡೆ, ಹಾಲಿಗೆ ತಾಗಿಸಿ ಬಿಡುವುದು. ಅದರ ನೆತ್ತಿಗೆ ಅರ್ಧ ಚಹಾ ಚಮಚ ಸಿರಪ್, ನಾಲ್ಕು ಪಿಸ್ತಾ ಚೂರು. ಈ ಸಿರಪ್ ಜಾರಿ ಹಾಲಿನೊಳಗೆ ಗೆರೆ ಎಳೆಯುತ್ತದೆ. ನನಗೆ ಅದು ಇಷ್ಟ, ಬೇಡವಾದವರು ಬಿಡಬಹುದು. ಜೆಲ್ಲಿ, ಟೂಟಿ ಫ್ರೂಟಿ ತುರುಕುವುದು ಮಾತ್ರ ನನಗೆ ಒಗ್ಗುವುದಿಲ್ಲ.

ತುಂಬಿದ ಲೋಟ ಹೆಚ್ಚೆಂದರೆ ಹತ್ತು ನಿಮಿಷ ಚೆಂದವಾಗಿರುತ್ತದೆ. ಅಷ್ಟರಲ್ಲಿ ಸಿರಪ್ ಬೀಜದಿಂದ ನೀರೆಳೆದುಕೊಳ್ಳಲು ಶುರುಮಾಡುತ್ತದೆ, ಗೆರೆ ಮಸುಕಾಗುತ್ತದೆ. ಆದ್ದರಿಂದ ತುಂಬಿ ಫ್ರಿಜ್‌ನಲ್ಲಿಟ್ಟು ಆಮೇಲೆ ಕೊಡುವ ಯೋಚನೆ ಬೇಡ, ಭಾಗಗಳನ್ನು ಬೇರೆ ಬೇರೆ ತಣ್ಣಗಿಟ್ಟುಕೊಂಡು ಬಡಿಸುವಾಗಲೇ ಜೋಡಿಸಬೇಕು. ಉಳಿದ ಬೀಜ ಮುಚ್ಚಿದ ಡಬ್ಬಿಯಲ್ಲಿ ಮರುದಿನಕ್ಕೂ ಆಗುತ್ತದೆ. ಶಾವಿಗೆ ಫ್ರಿಜ್‌ನಲ್ಲಿ ರಾತ್ರಿ ಕಳೆದರೆ ಬೆಳ್ಳಗೆ ಗಡುಸಾಗಿರುತ್ತದೆ. ಅದನ್ನು ಬಿಸಾಡಬೇಕಿಲ್ಲ, ಕುದಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಮತ್ತೆ ತಣ್ಣೀರಿಗೆ ಹಾಕಿದರೆ ಎಳೆ ಮೊದಲಿನಂತೆ ಮೆತ್ತಗಾಗುತ್ತದೆ.